ಕುಲುಮೆ ಖಾಲಿ ಇದ್ದಾಗ ಒಳಗಿನ ಬೆಲೆ ಎಷ್ಟು? ವಿಭಾಗಗಳ ನಡುವಿನ ವರ್ಗಾವಣೆ ಬೆಲೆ, ಹಂತ ಹಂತವಾಗಿ

ಒಂದೇ ಕಂಪನಿಯ ಒಂದು ವಿಭಾಗ ತಯಾರಿಸಿದ್ದನ್ನು ಇನ್ನೊಂದು ವಿಭಾಗ ಕೊಳ್ಳುತ್ತದೆ. ಆಗ ಲೆಕ್ಕದಲ್ಲಿ ಬರೆಯುವ ಬೆಲೆಯೇ ವರ್ಗಾವಣೆ ಬೆಲೆ. ಹಣ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗುತ್ತದೆ, ಇದರಲ್ಲೇನು ತಲೆನೋವು ಎನ್ನಿಸಬಹುದು. ಆದರೆ ಆ ಬೆಲೆ ನೋಡಿಕೊಂಡೇ ಮ್ಯಾನೇಜರುಗಳು "ಒಳಗೇ ಕೊಳ್ಳಲೋ, ಹೊರಗೆ ಕೊಳ್ಳಲೋ", "ಈ ಆರ್ಡರ್ ಹಿಡಿಯಲೋ, ಬಿಡಲೋ" ಎಂದು ತೀರ್ಮಾನಿಸುತ್ತಾರೆ. ಬೆಲೆ ತಪ್ಪಿದರೆ ತೀರ್ಮಾನವೂ ತಪ್ಪುತ್ತದೆ. ಆಗ ನಿಜವಾದ ಹಣ ಕಂಪನಿಯಿಂದ ಹೊರಗೆ ಹೋಗುತ್ತದೆ.

ಮಾರುವ ವಿಭಾಗದಲ್ಲಿ ಸಾಮರ್ಥ್ಯ ಖಾಲಿ ಬಿದ್ದಿರುವಾಗ ಈ ತಪ್ಪು ಜಾಸ್ತಿ ಆಗುತ್ತದೆ. ಆ ಸಂದರ್ಭವನ್ನೇ ಇಲ್ಲಿ ಒಂದು ಲೆಕ್ಕದ ಮೂಲಕ ನೋಡೋಣ.

## ಉದಾಹರಣೆಯ ಕಂಪನಿ

ಬೆಳಗಾವಿಯ ಉದ್ಯಮಬಾಗ್ ಕಡೆ ಫೌಂಡ್ರಿಗಳು ಬಹಳ. ಅಲ್ಲೇ ಒಂದು ಕಂಪನಿ ಇದೆ ಎಂದು ಊಹಿಸಿಕೊಳ್ಳಿ. ಕಂಪನಿಯೂ ಅಂಕಿಗಳೂ ನನ್ನ ಕಲ್ಪನೆ.

ಅದಕ್ಕೆ ಎರಡು ವಿಭಾಗ. ಫೌಂಡ್ರಿ ವಿಭಾಗ ಸುಮಾರು 10 ಕಿಲೋ ತೂಕದ ಪಂಪ್ ಬಾಡಿ ಎರಕ ಹೊಯ್ಯುತ್ತದೆ. ಪಂಪ್ ವಿಭಾಗ ಆ ಎರಕವನ್ನು ಮಷಿನಿಂಗ್ ಮಾಡಿ, ಮೋಟಾರ್ ಜೋಡಿಸಿ ಪಂಪ್ ಮಾರುತ್ತದೆ. ಎರಡಕ್ಕೂ ಬೇರೆ ಬೇರೆ ಮ್ಯಾನೇಜರುಗಳು. ಇಬ್ಬರ ಬೋನಸ್ ಕೂಡ ಅವರವರ ವಿಭಾಗದ ಲಾಭದ ಮೇಲೆ.

ಫೌಂಡ್ರಿಯ ಸಾಮರ್ಥ್ಯ ತಿಂಗಳಿಗೆ 10,000 ಎರಕ. ಹೊರಗಿನ ಗಿರಾಕಿಗಳಿಗೆ 7,000 ಹೋಗುತ್ತದೆ, ಒಂದಕ್ಕೆ 1,200 ರೂಪಾಯಿ. ಉಳಿದ 3,000 ಎರಕದಷ್ಟು ಸಾಮರ್ಥ್ಯ ಸುಮ್ನೆ ಬಿದ್ದಿದೆ. ಪಂಪ್ ವಿಭಾಗಕ್ಕೆ ಬೇಕಿರುವುದು ತಿಂಗಳಿಗೆ 4,000. ಹೊರಗಿನ ಇನ್ನೊಂದು ಫೌಂಡ್ರಿ ಅದನ್ನು 1,100 ರೂಪಾಯಿಗೆ ಬಾಗಿಲಿಗೇ ತಂದುಕೊಡಲು ಒಪ್ಪಿದೆ. ಬೇಕಾದಷ್ಟೇ ತೆಗೆದುಕೊಳ್ಳಿ ಎಂದೂ ಹೇಳಿದೆ.

ಒಬ್ಬರು 1,200ಕ್ಕೆ ಮಾರುವುದು, ಇನ್ನೊಬ್ಬರು 1,100ಕ್ಕೆ ಕೊಡುವುದು ವಿಚಿತ್ರವಲ್ಲ. ಎರಕದ ವ್ಯಾಪಾರದಲ್ಲಿ ಒಂದೇ ಬೆಲೆಯ ಸಂತೆ ಇರುವುದಿಲ್ಲ. ಹಳೆಯ ಗಿರಾಕಿ, ಗುಣಮಟ್ಟದ ಷರತ್ತು, ಅಚ್ಚು ತೆಗೆಯುವ ಪ್ಯಾಟರ್ನ್ ಯಾರದ್ದು, ಎಷ್ಟು ದಿನದ ಉದ್ದರಿ, ಇದೆಲ್ಲ ಸೇರಿ ಬೆಲೆ ಆಗುತ್ತದೆ. "ಮಾರುಕಟ್ಟೆ ಬೆಲೆ" ಎಂದಾಗ ಮಾರುವವನ ಬೆಲೆಯೋ ಕೊಳ್ಳುವವನ ಬೆಲೆಯೋ ಎಂದು ಮೊದಲೇ ಕೇಳಿಕೊಳ್ಳಬೇಕು.

## ಹಂತ 1: ಬದಲಾಗುವ ವೆಚ್ಚವನ್ನು ಸರಿಯಾಗಿ ಹಿಡಿಯಿರಿ

ಒಂದು ಎರಕ ಹೆಚ್ಚು ಹೊಯ್ದರೆ ನಿಜಕ್ಕೂ ಎಷ್ಟು ಖರ್ಚು ಹೆಚ್ಚಾಗುತ್ತದೆ? ಅಷ್ಟನ್ನೇ ತೆಗೆದುಕೊಳ್ಳಿ. ನಮ್ಮ ಫೌಂಡ್ರಿಯಲ್ಲಿ ಪಿಗ್ ಐರನ್ ಮತ್ತು ಸ್ಕ್ರ್ಯಾಪ್ 420, ಕರಗಿಸುವ ವಿದ್ಯುತ್ 120, ಮರಳು, ಬೈಂಡರ್ ಮತ್ತು ಎರಕದೊಳಗಿನ ಟೊಳ್ಳಿಗೆ ಇಡುವ ಮರಳಿನ ಕೋರ್ 70, ಎರಕದ ಹೆಚ್ಚುವರಿ ಲೋಹ ತೆಗೆದು ನಯಗೊಳಿಸುವ ಫೆಟ್ಲಿಂಗ್‌ಗೆ ಪೀಸ್ ಲೆಕ್ಕದ ಕೂಲಿ 50, ಸಣ್ಣಪುಟ್ಟ ಸಾಮಗ್ರಿ 40. ಒಟ್ಟು 700 ರೂಪಾಯಿ. ಹೊರಗೆ ಮಾರಿದರೆ ಪ್ಯಾಕಿಂಗ್, ಲಾರಿ ಬಾಡಿಗೆ, ಕಮಿಷನ್ ಸೇರಿ ಇನ್ನೂ 80 ಬೀಳುತ್ತದೆ, ಅಂದರೆ 780. ಸ್ಥಿರ ವೆಚ್ಚ ತಿಂಗಳಿಗೆ 25 ಲಕ್ಷ. ಪೂರ್ತಿ ಸಾಮರ್ಥ್ಯಕ್ಕೆ ಹಂಚಿದರೆ ಒಂದಕ್ಕೆ 250.

ಇಲ್ಲಿ ಮೂರು ಕಡೆ ಕೈ ಜಾರುತ್ತದೆ. ಮೊದಲನೆಯದು ಕರೆಂಟ್ ಬಿಲ್. ಅದರಲ್ಲಿ ಯೂನಿಟ್ ಲೆಕ್ಕದ ಹಣವೂ ಇರುತ್ತದೆ, ವಿದ್ಯುತ್ ಕಂಪನಿಯೊಂದಿಗಿನ ಒಪ್ಪಂದದ ಲೋಡಿಗೆ, ಅಂದರೆ ಕೆವಿಎಗೆ, ಕಟ್ಟುವ ಡಿಮಾಂಡ್ ಚಾರ್ಜೂ ಇರುತ್ತದೆ. ಕುಲುಮೆ ನಡೆಯಲಿ ಬಿಡಲಿ, ಡಿಮಾಂಡ್ ಚಾರ್ಜ್ ಬಹುಪಾಲು ಬರುತ್ತಲೇ ಇರುತ್ತದೆ. ಇಡೀ ಬಿಲ್ಲನ್ನು ಎರಕದ ಸಂಖ್ಯೆಯಿಂದ ಭಾಗಿಸಿದರೆ ಸ್ಥಿರ ವೆಚ್ಚ ಕಳ್ಳದಾರಿಯಲ್ಲಿ ಒಳಗೆ ಬಂದಂತೆ. ಎರಡನೆಯದು ಕೂಲಿ. ಕಾಯಂ ಕಾರ್ಮಿಕರ ಸಂಬಳ ಈ ತಿಂಗಳ ಮಟ್ಟಿಗೆ ಸ್ಥಿರ. ಓವರ್‌ಟೈಮ್ ಬೇಕಾದರೆ ಮಾತ್ರ ಅದು ಸೇರುತ್ತದೆ. ಮೂರನೆಯದು ರಿಜೆಕ್ಷನ್. ಕೆಟ್ಟ ಎರಕದ ಲೋಹ ಮತ್ತೆ ಕುಲುಮೆಗೆ ಹೋಗುತ್ತದೆ, ಆದರೆ ಅದಕ್ಕೆ ಸುಟ್ಟ ವಿದ್ಯುತ್ತು, ಮರಳು, ಕೂಲಿ ವಾಪಸ್ ಬರುವುದಿಲ್ಲ. ಆ ನಷ್ಟವನ್ನು ಒಳ್ಳೆಯ ಎರಕಗಳ ಮೇಲೆ ಹಾಕಬೇಕು. ಮೇಲಿನ 700ರಲ್ಲಿ ಅದು ಸೇರಿದೆ ಎಂದುಕೊಳ್ಳಿ.

## ಹಂತ 2: ಖಾಲಿ ಎನ್ನುವುದು ನಿಜಕ್ಕೂ ಖಾಲಿಯೇ?

ಫೌಂಡ್ರಿಯವರು "ನಮ್ಮ ಕುಲುಮೆ ಖಾಲಿ ಇದೆ" ಎನ್ನುತ್ತಾರೆ. ಕುಲುಮೆ ಖಾಲಿ ಇರಬಹುದು, ಆದರೆ ಕೋರ್ ಮಾಡುವ ಜಾಗ? ಮೋಲ್ಡಿಂಗ್ ಲೈನ್? ಫೆಟ್ಲಿಂಗ್? ಎಲ್ಲಕ್ಕಿಂತ ಇಕ್ಕಟ್ಟಾದ ಜಾಗ ಯಾವುದೋ ಅದೇ ನಿಮ್ಮ ಸಾಮರ್ಥ್ಯ. ಕುಲುಮೆ 100 ಟನ್ ಕರಗಿಸಿದರೂ ಕೋರ್ ವಿಭಾಗ 8,500 ಎರಕಕ್ಕಷ್ಟೇ ಕೋರ್ ಕೊಡುವಂತಿದ್ದರೆ, ಖಾಲಿ ಇರುವುದು 1,500 ಮಾತ್ರ. ಶಾಪ್‌ಫ್ಲೋರ್‌ಗೆ ಹೋಗಿ ಎಲ್ಲಿ ಮಾಲು ರಾಶಿ ಬಿದ್ದಿದೆ ನೋಡಿ. ರಾಶಿಯ ಮುಂದಿರುವ ಯಂತ್ರವೇ ಇಕ್ಕಟ್ಟಿನ ಜಾಗ ಆಗಿರುವುದು ಸಾಮಾನ್ಯ. ನಮ್ಮ ಲೆಕ್ಕದಲ್ಲಿ ಎಲ್ಲ ಜಾಗದಲ್ಲೂ 10,000ಕ್ಕೆ ಅಡ್ಡಿ ಇಲ್ಲ.

ಇನ್ನೊಂದು ಪ್ರಶ್ನೆ: ಆ ಸಾಮರ್ಥ್ಯಕ್ಕೆ ಬೇರೆ ಉಪಯೋಗ ಇದೆಯೇ? ಯಾರೋ ಒಬ್ಬ ಗಿರಾಕಿ ಅದೇ 3,000 ಎರಕವನ್ನು 850ಕ್ಕೆ ಕೇಳುತ್ತಿದ್ದಾನೆ ಎಂದರೆ, 850ರಲ್ಲಿ 780 ಕಳೆದು 70 ರೂಪಾಯಿ ಸಿಗುತ್ತಿತ್ತು. ಆಗ ಸಾಮರ್ಥ್ಯ ಪುಕ್ಕಟೆ ಅಲ್ಲ, ಅದಕ್ಕೆ ಒಂದಕ್ಕೆ 70ರ ಬೆಲೆ ಇದೆ. ಅಂಥ ಗಿರಾಕಿ ಯಾರೂ ಇಲ್ಲ ಎಂದು ಇಟ್ಟುಕೊಂಡು ಮುಂದೆ ಹೋಗೋಣ.

## ಹಂತ 3: ಕೆಳಮಿತಿ ಮತ್ತು ಮೇಲ್ಮಿತಿ

ಮಾರುವ ವಿಭಾಗ ಇದಕ್ಕಿಂತ ಕಡಿಮೆಗೆ ಕೊಡಬಾರದು ಎನ್ನುವ ಬೆಲೆ ಕೆಳಮಿತಿ. ಅದು ಬದಲಾಗುವ ವೆಚ್ಚ ಮತ್ತು ಕೈತಪ್ಪುವ ಲಾಭ ಎರಡರ ಮೊತ್ತ. ಖಾಲಿ ಇರುವ 3,000ಕ್ಕೆ ಕೈತಪ್ಪುವ ಲಾಭ ಏನೂ ಇಲ್ಲ. ಹಾಗಾಗಿ ಕೆಳಮಿತಿ 700.

ಪಂಪ್ ವಿಭಾಗ ಕೇಳುತ್ತಿರುವುದು 4,000 ಅಲ್ವಾ? ಕೊನೆಯ 1,000 ಎರಕ ಕೊಡಬೇಕಾದರೆ ಹೊರಗಿನ ಗಿರಾಕಿಗೆ ಅಷ್ಟು ಕಡಿಮೆ ಮಾಡಬೇಕು. ಪ್ರತಿ ಎರಕಕ್ಕೆ 1,200ರಲ್ಲಿ 780 ಕಳೆದು 420 ರೂಪಾಯಿ ಹೋಗುತ್ತದೆ. ಅವುಗಳ ಕೆಳಮಿತಿ 700ಕ್ಕೆ 420 ಸೇರಿ 1,120. ಸರಿ ಇದೆಯೇ ಎಂದು ಇನ್ನೊಂದು ದಾರಿಯಿಂದಲೂ ನೋಡಬಹುದು: ಹೊರಗಿನ ಬೆಲೆ 1,200ರಲ್ಲಿ ಒಳಗೆ ಮಾರಿದಾಗ ಉಳಿಯುವ 80 ಕಳೆಯಿರಿ, ಅದೇ 1,120.

ಕೊಳ್ಳುವ ವಿಭಾಗದ ಮೇಲ್ಮಿತಿಗೆ ಎರಡು ಅಂಕಿ ನೋಡಬೇಕು. ಒಂದು, ಹೊರಗೆ ಸಿಗುವ ಬೆಲೆ: 1,100. ಇನ್ನೊಂದು, ಪಂಪ್ ಮಾರಿ ಬರುವ ಹಣದಲ್ಲಿ ಉಳಿದ ಬದಲಾಗುವ ಖರ್ಚು ಕಳೆದರೆ ಎರಕಕ್ಕೆ ಎಷ್ಟು ಮಿಗುತ್ತದೆ ಎನ್ನುವುದು. ಪಂಪ್ 5,000ಕ್ಕೆ ಹೋಗುತ್ತದೆ, ಎರಕ ಬಿಟ್ಟು ಉಳಿದ ಖರ್ಚು 3,600, ಮಿಗುವುದು 1,400. ಎರಡರಲ್ಲಿ ಕಡಿಮೆ ಇರುವುದೇ ಮೇಲ್ಮಿತಿ, ಅಂದರೆ 1,100.

ಈಗ ಚಿತ್ರ ಸ್ಪಷ್ಟ. ಮೊದಲ 3,000 ಎರಕಕ್ಕೆ ಕೆಳಮಿತಿ 700, ಮೇಲ್ಮಿತಿ 1,100. ನಡುವೆ 400 ರೂಪಾಯಿ ಜಾಗ ಇದೆ, ಒಳಗೇ ವ್ಯವಹಾರ ಆಗಬೇಕು. ಕೊನೆಯ 1,000ಕ್ಕೆ ಕೆಳಮಿತಿ 1,120, ಮೇಲ್ಮಿತಿ 1,100. ಕೆಳಮಿತಿಯೇ ಮೇಲಿದೆ. ಅವನ್ನು ಹೊರಗಿನಿಂದಲೇ ಕೊಳ್ಳಬೇಕು. "ಎಲ್ಲ ಒಳಗೇ ಕೊಳ್ಳಿ" ಎಂದು ಹೆಡ್ ಆಫೀಸ್ ಸುತ್ತೋಲೆ ಹೊರಡಿಸಿದರೆ ಕಂಪನಿ ತಿಂಗಳಿಗೆ 20,000 ರೂಪಾಯಿ ಕಳೆದುಕೊಳ್ಳುತ್ತದೆ.

ಇಲ್ಲಿ ಒಂದು ಬಲೆ ಇದೆ. ಬಹಳ ಜನ ಎಕ್ಸೆಲ್‌ನಲ್ಲಿ 4,000ಕ್ಕೂ ಸೇರಿಸಿ ಒಂದೇ ಸರಾಸರಿ ಕೆಳಮಿತಿ ತೆಗೆಯುತ್ತಾರೆ:

```
=B1+MAX(0,B4-B3)*B2/B4
```

B1 ಬದಲಾಗುವ ವೆಚ್ಚ 700, B2 ಕೈತಪ್ಪುವ ಲಾಭ 420, B3 ಖಾಲಿ ಸಾಮರ್ಥ್ಯ 3,000, B4 ಬೇಕಿರುವ ಸಂಖ್ಯೆ 4,000. ಉತ್ತರ 805. "805 ಎಲ್ಲಿ, 1,100 ಎಲ್ಲಿ! ಎಲ್ಲವನ್ನೂ ಒಳಗೇ ಮಾಡೋಣ" ಎನ್ನಿಸುತ್ತದೆ. ಸರಾಸರಿಯೊಳಗೆ ಕೊನೆಯ 1,000ದ ನಷ್ಟ ಅಡಗಿ ಕುಳಿತಿದೆ. ಹೊರಗಿನ ಫೌಂಡ್ರಿ "ಕೊಟ್ಟರೆ 4,000 ಆರ್ಡರ್ ಕೊಡಿ, ಇಲ್ಲವಾದರೆ ಬೇಡ" ಎಂದು ಹಟ ಹಿಡಿದರೆ ಮಾತ್ರ ಈ 805 ಕೆಲಸಕ್ಕೆ ಬರುತ್ತದೆ. ಆಗ ಎಲ್ಲವನ್ನೂ ಒಳಗೆ ಮಾಡುವುದೇ ಸರಿ. ಬಿಡಿ ಬಿಡಿಯಾಗಿ ಸಿಗುವಾಗ ಭಾಗ ಭಾಗವಾಗಿಯೇ ನೋಡಿ.

## ಹಂತ 4: ಮಾರುಕಟ್ಟೆ ಬೆಲೆ ಇಟ್ಟರೆ

ಮಾರುಕಟ್ಟೆ ಬೆಲೆಗೆ ಒಳ್ಳೆಯ ಹೆಸರಿದೆ. ನ್ಯಾಯವಾಗಿ ಕಾಣುತ್ತದೆ, ಯಾರೂ ಜಗಳ ಆಡುವುದಿಲ್ಲ. ಫೌಂಡ್ರಿ ತುಂಬಿ ನಡೆಯುತ್ತಿದ್ದರೆ ಅದು ಸರಿಯೂ ಹೌದು. ಆದರೆ ಆಗಲೂ 1,200 ಅಲ್ಲ, ಉಳಿಯುವ 80 ಕಳೆದು 1,120.

ಖಾಲಿ ಇರುವಾಗ ಅದೇ ಬೆಲೆ ಕಾಟ ಕೊಡುತ್ತದೆ. ಫೌಂಡ್ರಿ 1,200 ಎಂದರೆ ಪಂಪ್ ಮ್ಯಾನೇಜರ್ 1,100ಕ್ಕೆ ಹೊರಗೆ ಹೋಗುತ್ತಾರೆ. ಅವರ ವಿಭಾಗದ ಲೆಕ್ಕದಲ್ಲಿ ಅದು ಉಳಿತಾಯ. ಕಂಪನಿಯ ಲೆಕ್ಕದಲ್ಲಿ 700ಕ್ಕೆ ಆಗುತ್ತಿದ್ದ ಎರಕಕ್ಕೆ 1,100 ಕೊಟ್ಟಂತೆ. 3,000 ಎರಕಕ್ಕೆ ತಿಂಗಳಿಗೆ 12 ಲಕ್ಷ ಹೊರಗೆ ಹೋಯಿತು. ಪಕ್ಕದ ಶೆಡ್‌ನಲ್ಲಿ ಕುಲುಮೆ ತಣ್ಣಗಿದೆ.

ಹಾಗಾದರೆ ಫೌಂಡ್ರಿ 1,100ಕ್ಕೆ ಇಳಿದರೆ ಸಾಕೇ? ವ್ಯವಹಾರವೇನೋ ಒಳಗೆ ಉಳಿಯುತ್ತದೆ. ಇನ್ನೊಂದು ಕಡೆ ಪೆಟ್ಟು ಬೀಳುತ್ತದೆ. ಖಾಲಿ ಸಾಮರ್ಥ್ಯ ಇನ್ನೂ ಪೂರ್ತಿ ತುಂಬದ ಒಂದು ತಿಂಗಳಲ್ಲಿ ಪಂಪ್ ವಿಭಾಗಕ್ಕೆ ಒಂದು ಟೆಂಡರ್ ಬಂತು ಎನ್ನೋಣ: 500 ಪಂಪ್, ಒಂದಕ್ಕೆ 4,500. ಉಳಿದ ಖರ್ಚು 3,600 ಕಳೆದರೆ ಎರಕಕ್ಕೆ 900 ಮಿಗುತ್ತದೆ. ಎರಕ 1,100 ಎಂದು ಕಂಡ ಮ್ಯಾನೇಜರ್ "200 ನಷ್ಟ" ಎಂದು ಟೆಂಡರ್ ಬಿಡುತ್ತಾರೆ. ಕಂಪನಿಗೆ ಎರಕ ಬೀಳುವುದು 700ಕ್ಕೆ. ಹಿಡಿದಿದ್ದರೆ ಒಂದು ಲಕ್ಷ ಬರುತ್ತಿತ್ತು. ಇಂಥ ನಷ್ಟ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ಬಿಟ್ಟ ಟೆಂಡರ್‌ಗಳ ಪಟ್ಟಿ ಇಟ್ಟು, ಬದಲಾಗುವ ವೆಚ್ಚದ ಮೇಲೆ ಮತ್ತೆ ಲೆಕ್ಕ ಹಾಕಿದರಷ್ಟೇ ಗೊತ್ತಾಗುತ್ತದೆ.

## ಹಂತ 5: ಬದಲಾಗುವ ವೆಚ್ಚದ ಮೇಲೆ ಸ್ವಲ್ಪ ಸೇರಿಸಿದರೆ

700ರ ಮೇಲೆ ಶೇ. 10 ಸೇರಿಸಿ 770 ಎಂದು ಇಡೋಣ. ಪಂಪ್ ವಿಭಾಗ ಖುಷಿಯಿಂದ ಒಳಗೇ ಕೊಳ್ಳುತ್ತದೆ, ಆ ಟೆಂಡರ್ ಕೂಡ ಹಿಡಿಯುತ್ತದೆ. ಕಂಪನಿಯ 12 ಲಕ್ಷ ಉಳಿಯಿತು. ಹಂಚಿಕೆ ನೋಡಿ: ಪಂಪ್ ವಿಭಾಗಕ್ಕೆ 9.9 ಲಕ್ಷ, ಫೌಂಡ್ರಿಗೆ 2.1 ಲಕ್ಷ. ಫೌಂಡ್ರಿ ಮ್ಯಾನೇಜರ್‌ಗೆ ಇದರಲ್ಲಿ ಏನು ಆಸಕ್ತಿ? ಅವರು ಬಾಯಿಬಿಟ್ಟು ಬೇಡ ಎನ್ನುವುದಿಲ್ಲ. ಒಳಗಿನ ಆರ್ಡರ್ ಯಾವಾಗಲೂ ಕೊನೆಗೆ ಹೋಗುತ್ತದೆ, ಎರಕದಲ್ಲಿ ಬ್ಲೋ ಹೋಲ್ ಜಾಸ್ತಿ ಆಗುತ್ತದೆ, ತಡವಾಗುತ್ತದೆ. ಈ ಬೆಲೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ನೋಡಬೇಕಾದರೆ ಒಳಗಿನ ಮತ್ತು ಹೊರಗಿನ ಆರ್ಡರ್‌ಗಳ ರಿಜೆಕ್ಷನ್ ಪ್ರಮಾಣವನ್ನೂ ತಡದ ದಿನಗಳನ್ನೂ ಅಕ್ಕಪಕ್ಕ ಇಡಿ.

ಈ ವಿಧಾನ ಹಿಡಿದರೆ ಒಂದು ನಿಯಮ ಬಿಡಬೇಡಿ. 700 ಎನ್ನುವುದು ಮೊದಲೇ ನಿಗದಿ ಮಾಡಿಟ್ಟ ಸ್ಟ್ಯಾಂಡರ್ಡ್ ವೆಚ್ಚ ಆಗಿರಬೇಕು. ಆ ತಿಂಗಳು ನಿಜವಾಗಿ ಆದ ಖರ್ಚಿನ ಮೇಲೆ ಶೇ. 10 ಎಂದರೆ ಫೌಂಡ್ರಿ ಜಾಸ್ತಿ ದುಂದು ಮಾಡಿದಷ್ಟೂ ಜಾಸ್ತಿ ಲಾಭ. ಸ್ಕ್ರ್ಯಾಪ್ ದರ ಏರಿಳಿದರೆ ಅದಕ್ಕೆ ಬೇಕಾದರೆ ಪ್ರತ್ಯೇಕ ಹೊಂದಾಣಿಕೆ ಬರೆಯಿರಿ. ಅದು ಫೌಂಡ್ರಿಯ ಕೈಯಲ್ಲಿಲ್ಲ. ರಿಜೆಕ್ಷನ್ ಅವರ ಕೈಯಲ್ಲಿದೆ.

ನನಗೆ ಇದಕ್ಕಿಂತ ಚೆನ್ನಾಗಿ ಕಾಣುವುದು ಇದರದ್ದೇ ಒಂದು ರೂಪ. ಪ್ರತಿ ಎರಕಕ್ಕೆ ಬರೀ 700. ಜೊತೆಗೆ 3,000ದ ಸಾಮರ್ಥ್ಯ ಕಾಯ್ದಿರಿಸಿದ್ದಕ್ಕೆ ತಿಂಗಳಿಗೆ ಒಂದು ನಿಗದಿ ಮೊತ್ತ. ಸ್ಥಿರ ವೆಚ್ಚ 25 ಲಕ್ಷದ ಹತ್ತರಲ್ಲಿ ಮೂರು ಪಾಲು, 7.5 ಲಕ್ಷ ಎನ್ನೋಣ. ಪಂಪ್ ವಿಭಾಗಕ್ಕೆ ಒಟ್ಟು 28.5 ಲಕ್ಷ ಆಗುತ್ತದೆ. ಹೊರಗೆ ಕೊಂಡರೆ 33 ಲಕ್ಷ. ಇನ್ನೂ 4.5 ಲಕ್ಷ ಉಳಿತಾಯ. ಫೌಂಡ್ರಿಗೆ 7.5 ಲಕ್ಷ ಬಂತು. ಕಾಯ್ದಿರಿಸಿದ್ದರಲ್ಲಿ ಇನ್ನೂ ಬಳಸದೆ ಉಳಿದಿದ್ದರೆ, ಪಂಪ್ ಮ್ಯಾನೇಜರ್ ಟೆಂಡರ್ ನೋಡುವಾಗ ಒಂದು ಎರಕಕ್ಕೆ ಕಾಣುವುದು 700 ಮಾತ್ರ, ಹಾಗಾಗಿ ತೀರ್ಮಾನ ತಪ್ಪುವುದಿಲ್ಲ. ಒಂದೇ ತೊಂದರೆ: ಮೊತ್ತ ಎಷ್ಟೆಂದು ವರ್ಷದ ಆರಂಭದಲ್ಲೇ ನಿಗದಿ ಮಾಡಬೇಕು. ನಡುವೆ ಸಂಖ್ಯೆ ನೋಡಿ ಬದಲಿಸಿದರೆ ಅದೂ ಎರಕದ ಬೆಲೆಯೇ ಆಗಿಬಿಡುತ್ತದೆ.

## ಹಂತ 6: ಕೂತು ಮಾತಾಡಿ ಬೆಲೆ ಕುದುರಿಸಿದರೆ

ಚೌಕಾಸಿ ಎಂದ ಕೂಡಲೇ ಇಬ್ಬರನ್ನೂ ಕೋಣೆಗೆ ಕಳಿಸಿ ಬಾಗಿಲು ಹಾಕುವುದಲ್ಲ. ಮೊದಲು ಹಂತ 3ರ ಕೆಳಮಿತಿ, ಮೇಲ್ಮಿತಿಗಳನ್ನು ಫೈನಾನ್ಸ್‌ನವರು ಲೆಕ್ಕ ಹಾಕಿ ಇಬ್ಬರ ಮುಂದೆಯೂ ಇಡಬೇಕು. ಹೊರಗಿನ ಫೌಂಡ್ರಿಯ ಕೊಟೇಶನ್ ಕಾಗದದಲ್ಲಿ ಇರಬೇಕು. ಬಾಯಿಮಾತಿನ 1,100 ಒಮ್ಮೊಮ್ಮೆ 1,000 ಆಗುತ್ತದೆ, ಒಮ್ಮೊಮ್ಮೆ ಲಾರಿ ಬಾಡಿಗೆ ಬಿಟ್ಟು ಹೇಳಿದ್ದಾಗಿರುತ್ತದೆ.

ಮಾತುಕತೆ ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ. ಫೌಂಡ್ರಿ ಮ್ಯಾನೇಜರ್: "ಸರ್, ನಮ್ಮ ಪೂರ್ತಿ ವೆಚ್ಚವೇ 950. ಅದಕ್ಕಿಂತ ಕೆಳಗೆ ಕೊಟ್ಟರೆ ನನಗೆ ನಷ್ಟ." ಪಂಪ್ ಮ್ಯಾನೇಜರ್: "ಕುಲುಮೆ ಖಾಲಿ ಇಟ್ಟರೆ ಆ 250 ನಿಮಗೆ ಎಲ್ಲಿಂದ ಬರುತ್ತೆ ಹೇಳಿ?" ಎರಡನೆಯವರ ಮಾತು ಸರಿ. 25 ಲಕ್ಷ ಹೇಗೂ ಖರ್ಚಾಗುತ್ತದೆ. ಆದರೆ ಮೊದಲನೆಯವರ ಭಯವೂ ಸುಳ್ಳಲ್ಲ. ತಿಂಗಳ ವರದಿ ಪೂರ್ತಿ ವೆಚ್ಚದ ಮೇಲೆ ಬರುತ್ತಿದ್ದರೆ, 900ಕ್ಕೆ ಒಪ್ಪಿದಾಗ ಅವರ ಹೆಸರಿನಲ್ಲಿ 1.5 ಲಕ್ಷ ನಷ್ಟ ಕಾಣುತ್ತದೆ. ಬದಲಾಗುವ ವೆಚ್ಚ ಕಳೆದು 6 ಲಕ್ಷ ಮಿಗಿಸಿದವರು, ಅಂದರೆ ಅಷ್ಟು ಕಾಂಟ್ರಿಬ್ಯೂಷನ್ ತಂದವರು, ಬೈಸಿಕೊಳ್ಳುತ್ತಾರೆ. ಹಾಗಾಗಿ ಬೆಲೆ ಕುದುರಿಸುವ ಮೊದಲು ವರದಿಯ ನಮೂನೆ ಬದಲಿಸಿ: ಕಾಂಟ್ರಿಬ್ಯೂಷನ್ ಮೇಲೆ, ಸ್ಥಿರ ವೆಚ್ಚ ಕೆಳಗೆ ಪ್ರತ್ಯೇಕ ಸಾಲಿನಲ್ಲಿ.

900ಕ್ಕೆ ಒಪ್ಪಂದ ಆದರೆ ಇಬ್ಬರಿಗೂ 6 ಲಕ್ಷ. ಅರ್ಧರ್ಧವೇ ಆಗಬೇಕೆಂದೇನಿಲ್ಲ. 700 ಮತ್ತು 1,100ರ ನಡುವೆ ಎಲ್ಲಿ ನಿಂತರೂ ಮೊದಲ 3,000 ಎರಕದ ಮಟ್ಟಿಗೆ ಕಂಪನಿಗೆ ಅದೇ 12 ಲಕ್ಷ. ಅದಕ್ಕೇ ಹೆಡ್ ಆಫೀಸ್ ಬೆಲೆಯಲ್ಲಿ ಮೂಗು ತೂರಿಸದೆ, ವ್ಯವಹಾರ ಮುರಿಯದಂತೆ ನೋಡಿಕೊಂಡರೆ ಸಾಕು. ಇಂತಿಷ್ಟು ದಿನದೊಳಗೆ ಒಪ್ಪಂದ ಆಗದಿದ್ದರೆ ನಡುವಿನ ಬೆಲೆಯೇ ಜಾರಿ ಎಂದು ಮೊದಲೇ ಬರೆದಿಟ್ಟರೆ ಜಗಳ ಬೇಗ ಮುಗಿಯುತ್ತದೆ.

ಒಪ್ಪಂದದಲ್ಲಿ ಈ ಮಾತುಗಳು ಇರಲಿ:

- ತಿಂಗಳಿಗೆ 3,000ದ ವರೆಗೆ 900. ಅದರ ಮೇಲೆ ಬೇಕಾದರೆ 1,120, ಅಥವಾ ಪಂಪ್ ವಿಭಾಗ ಹೊರಗೆ ಕೊಳ್ಳಲು ಸ್ವತಂತ್ರ.
- ಪಂಪ್ ದರ ಕಡಿಮೆ ಇರುವ ವಿಶೇಷ ಆರ್ಡರ್ ಬಂದರೆ ಆ ಎರಕದ ಬೆಲೆ ಬೇರೆಯಾಗಿ ತೀರ್ಮಾನ. 900ರಲ್ಲಿ ನಿಂತರೆ ಮೇಲಿನ ಟೆಂಡರ್‌ನಲ್ಲಿ ಪಂಪ್ ವಿಭಾಗಕ್ಕೆ ಒಂದು ರೂಪಾಯಿಯೂ ಉಳಿಯುವುದಿಲ್ಲ. ಅವರು ಯಾಕೆ ಓಡಾಡುತ್ತಾರೆ?
- ಹೊರಗಿನ ಬೇಡಿಕೆ ಹೆಚ್ಚಾಗಿ ಖಾಲಿ ಸಾಮರ್ಥ್ಯ ಕಡಿಮೆಯಾದರೆ ಫೌಂಡ್ರಿ ಒಂದು ತಿಂಗಳು ಮೊದಲೇ ತಿಳಿಸಬೇಕು.
- ರಿಜೆಕ್ಟ್ ಆದ ಎರಕದ ಮಷಿನಿಂಗ್ ಖರ್ಚು ಯಾರ ಮೇಲೆ ಎನ್ನುವುದು.

## ಹಂತ 7: ಪ್ರತಿ ತಿಂಗಳೂ ಮತ್ತೆ ನೋಡಿ

ಹೊರಗಿನ ಆರ್ಡರ್ 7,000ದಿಂದ 9,000ಕ್ಕೆ ಏರಿತು ಎನ್ನಿ. ಈಗ ಖಾಲಿ ಇರುವುದು 1,000 ಮಾತ್ರ. 900ರ ಬೆಲೆಗೆ 3,000 ಕೊಡುತ್ತಾ ಹೋದರೆ, ಫೌಂಡ್ರಿ 2,000 ಎರಕದ ಮೇಲೆ ತಲಾ 220 ಕಳೆದುಕೊಳ್ಳುತ್ತದೆ. ಅಷ್ಟೇ ಅಲ್ಲ, ಕಂಪನಿಯೂ ತಲಾ 20 ಕಳೆದುಕೊಳ್ಳುತ್ತದೆ. ಖಾಲಿ ಇದ್ದಾಗ ಕಟ್ಟಿದ ಬೆಲೆ ತುಂಬಿದಾಗಲೂ ಉಳಿದುಬಿಡುವುದು ನಾನು ಕಂಡಂತೆ ಬಹಳ ಸಾಮಾನ್ಯ ಕಾಯಿಲೆ. ತಿಂಗಳ ಯೋಜನೆಯ ಸಭೆಯಲ್ಲಿ ಖಾಲಿ ಸಾಮರ್ಥ್ಯ, ಕೈತಪ್ಪುವ ಲಾಭ, ಹೊರಗಿನ ಕೊಟೇಶನ್, ಈ ಮೂರು ಅಂಕಿ ಹೊಸದಾಗಿ ಹಾಕಿದರೆ ಸಾಕು. ಉಳಿದದ್ದು ತಾನೇ ಬರುತ್ತದೆ.

ಇನ್ನೊಂದು ತುದಿಯೂ ಇದೆ. ವರ್ಷಾನುಗಟ್ಟಲೆ 3,000 ಖಾಲಿಯೇ ಇದ್ದರೆ ಅದು ಬೆಲೆಯ ಪ್ರಶ್ನೆ ಅಲ್ಲ. ಆಗ 25 ಲಕ್ಷದಲ್ಲಿ ಒಂದಷ್ಟನ್ನು ನಿಜಕ್ಕೂ ಉಳಿಸಬಹುದು: ಒಂದು ಶಿಫ್ಟ್ ನಿಲ್ಲಿಸಬಹುದು, ಒಪ್ಪಂದದ ಕೆವಿಎ ಇಳಿಸಬಹುದು. ಹಾಗೆ ಉಳಿಸಬಹುದಾದ ಮೊತ್ತ ಬದಲಾಗುವ ವೆಚ್ಚದ ಸಾಲಿಗೆ ಸೇರುತ್ತದೆ, ಕೆಳಮಿತಿ 700ಕ್ಕಿಂತ ಮೇಲೇಳುತ್ತದೆ.

## ಪುಸ್ತಕ ಮತ್ತು ತೆರಿಗೆ

ತಿಂಗಳ ಕೊನೆಗೆ ಪಂಪ್ ವಿಭಾಗದ ಗೋದಾಮಿನಲ್ಲಿ ಉಳಿದ ಎರಕವನ್ನು ಕಂಪನಿಯ ಬ್ಯಾಲೆನ್ಸ್ ಶೀಟ್‌ನಲ್ಲಿ ವರ್ಗಾವಣೆ ಬೆಲೆಗೆ ತೋರಿಸುವಂತಿಲ್ಲ. ಅಲ್ಲಿ ಕಂಪನಿಗೆ ಬಿದ್ದ ವೆಚ್ಚವೇ ಆಧಾರ, ಒಳಗಿನ ಮಾರಾಟವೂ ಲಾಭವೂ ರದ್ದಾಗುತ್ತವೆ. ವಿಭಾಗದ ವರದಿ ಬೇರೆ, ಕಂಪನಿಯ ಲೆಕ್ಕಪತ್ರ ಬೇರೆ.

ಎರಡೂ ಘಟಕ ಬೆಳಗಾವಿಯಲ್ಲೇ ಒಂದೇ ಜಿಎಸ್‌ಟಿ ನೋಂದಣಿಯಲ್ಲಿದ್ದರೆ ಈ ವರ್ಗಾವಣೆಗೆ ತೆರಿಗೆ ಇಲ್ಲ. ಪಂಪ್ ಘಟಕ ಗಡಿ ದಾಟಿ ಕೊಲ್ಲಾಪುರದಲ್ಲಿದ್ದರೆ ಕಥೆ ಬೇರೆ. ಮಹಾರಾಷ್ಟ್ರದ ನೋಂದಣಿ ಬೇರೆ, ಕಾನೂನಿನ ಕಣ್ಣಿಗೆ ಅದು ಬೇರೆ ವ್ಯಕ್ತಿ. ಬಿಲ್ ಮಾಡಿ ತೆರಿಗೆ ಕಟ್ಟಬೇಕು. ಮೌಲ್ಯವನ್ನು ಹೇಗೆ ಕಟ್ಟಬೇಕೆಂದು ಸಿಜಿಎಸ್‌ಟಿಯ 28ನೇ ನಿಯಮ ಹೇಳುತ್ತದೆ. ಕೊಳ್ಳುವ ಘಟಕಕ್ಕೆ ಪೂರ್ತಿ ಇನ್‌ಪುಟ್ ಕ್ರೆಡಿಟ್ ಸಿಗುವಂತಿದ್ದರೆ ಬಿಲ್ಲಿನಲ್ಲಿ ಬರೆದ ಮೌಲ್ಯವನ್ನೇ ಮಾರುಕಟ್ಟೆ ಮೌಲ್ಯ ಎಂದು ಒಪ್ಪಲಾಗುತ್ತದೆ. ಎರಡು ವಿಭಾಗಗಳು ಬೇರೆ ಬೇರೆ ಕಂಪನಿಗಳಾಗಿದ್ದು, ಒಂದು ವಿದೇಶದಲ್ಲಿದ್ದರೆ ಆದಾಯ ತೆರಿಗೆಯ ವರ್ಗಾವಣೆ ಬೆಲೆ ನಿಯಮಗಳು ಬರುತ್ತವೆ. ಅಲ್ಲಿ ಸಂಬಂಧವಿಲ್ಲದ ಇಬ್ಬರು ಒಪ್ಪುತ್ತಿದ್ದ ಬೆಲೆಯೇ ಬೇಕು. ಖಾಲಿ ಸಾಮರ್ಥ್ಯದ 700ರ ವಾದವನ್ನು ಅಲ್ಲಿ ಹಾಗೇ ಒಯ್ಯಲಾಗದು. ತೆರಿಗೆಗೆ ಒಂದು ಬೆಲೆ, ಒಳಗಿನ ತೀರ್ಮಾನಕ್ಕೆ ಇನ್ನೊಂದು ಬೆಲೆ ಇಟ್ಟುಕೊಂಡರೆ ಎರಡಕ್ಕೂ ಕಾರಣವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಆಡಿಟರ್ ಕೇಳಿದಾಗ ಅದೇ ಮೊದಲು ಬೇಕಾಗುವುದು.